ಭಾವಚಿತ್ರ ಬರೆಸುವ ಮುನ್ನ ಫೋಟೋ ಆಯ್ಕೆ

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯವರ ಭಾವಚಿತ್ರವನ್ನು ತೈಲವರ್ಣದಲ್ಲಿ ಬರೆಸಬೇಕೆಂದಿದ್ದೇನೆ. ನನ್ನ ಬಳಿ ಒಂದು ಹಳೆಯ ಪಾಸ್‌ಪೋರ್ಟ್ ಅಳತೆಯ ಫೋಟೋ, ಒಂದು ಗುಂಪು ಫೋಟೋ ಮತ್ತು ಮೊಬೈಲಿನಲ್ಲಿ ತೆಗೆದ ಕೆಲವು ಚಿತ್ರಗಳಿವೆ. ಯಾವುದನ್ನು ಕಳುಹಿಸಲಿ?

ಭಾವಚಿತ್ರ ಬರೆಯುವ ಸ್ಟುಡಿಯೋ ನಡೆಸುವವನಾಗಿ ನಾನು ಗ್ರಾಹಕರಿಗೆ ಕಳುಹಿಸುವ ಪತ್ರದ ವಿಷಯವನ್ನೇ ತಮ್ಮ ಫೋಟೋಗಳಿಗೆ ಅನ್ವಯಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮುಖ್ಯ ಫೋಟೋವನ್ನು ಆರಿಸಿಕೊಳ್ಳಿ. ಉಳಿದವು ಅದಕ್ಕೆ ಪೂರಕವಾಗಿರಲಿ. ಒಂದರಿಂದ ಕಣ್ಣು, ಇನ್ನೊಂದರಿಂದ ನಗು ತೆಗೆದು ಜೋಡಿಸಿ ಎಂದು ಹಲವರು ಕೇಳುತ್ತಾರೆ. ಆದರೆ ಎರಡು ಫೋಟೋಗಳಲ್ಲಿ ಬೆಳಕು ಬೇರೆ ಬೇರೆ ದಿಕ್ಕಿನಿಂದ ಬಿದ್ದಿದ್ದರೆ ನೆರಳುಗಳು ಹೊಂದುವುದಿಲ್ಲ, ಮುಖ ಅಪರಿಚಿತರದೆನಿಸುತ್ತದೆ.

ಮೊಬೈಲ್ ಚಿತ್ರಗಳಲ್ಲಿ, ಕಿಟಕಿಯ ಬೆಳಕು ಒಂದು ಪಕ್ಕದಿಂದ ಬಿದ್ದಿರುವುದು ಇದೆಯೇ ಎಂದು ಹುಡುಕಿ. ಕೆನ್ನೆ ಮತ್ತು ಮೂಗಿನ ಉಬ್ಬುತಗ್ಗುಗಳು ತಿಳಿಯುವುದು ಈ ನೆರಳಿನಿಂದಲೇ. ಎದುರಿನಿಂದ ಫ್ಲ್ಯಾಶ್ ಬಿದ್ದರೆ ಅವು ಅಳಿಸಿಹೋಗುತ್ತವೆ. ತೋಳಳತೆಯಲ್ಲಿ ತೆಗೆದ ಸೆಲ್ಫಿಯನ್ನು ಮುಖ್ಯ ಫೋಟೋ ಮಾಡಬೇಡಿ, ಏಕೆಂದರೆ ಅಷ್ಟು ಹತ್ತಿರದಿಂದ ಮೂಗು ದೊಡ್ಡದಾಗಿಯೂ ಕಿವಿಗಳು ಚಿಕ್ಕದಾಗಿಯೂ ಕಾಣುತ್ತವೆ. ಎರಡು ಮೀಟರಿನಷ್ಟು ದೂರದಿಂದ, ಕಣ್ಣಿನ ಮಟ್ಟದಲ್ಲಿ, ಯಾವ ಫಿಲ್ಟರೂ ಇಲ್ಲದೆ ತೆಗೆದ ಚಿತ್ರವಿದ್ದರೆ ಅದೇ ಉತ್ತಮ. ಅದನ್ನು ದೊಡ್ಡದು ಮಾಡಿ ನೋಡಿ: ರೆಪ್ಪೆಯ ಅಂಚಿನ ಗೆರೆ ಸ್ಪಷ್ಟವಾಗಿ ಕಂಡರೆ ನಮಗೆ ಸಾಕು, ಕಣ್ಣು ಬರೀ ಕಪ್ಪು ಚುಕ್ಕೆಯಾಗಿ ಕಂಡರೆ ಸಾಲದು.

ಗುಂಪು ಫೋಟೋ ಸಾಮಾನ್ಯವಾಗಿ ಸೋಲುವುದು ಇಲ್ಲಿಯೇ. ಅದು 4000 ಪಿಕ್ಸೆಲ್ ಅಗಲವಿದ್ದು ಸಾಲಿನಲ್ಲಿ ಹತ್ತು ಜನರಿದ್ದರೆ ಒಬ್ಬರಿಗೆ 400 ಪಿಕ್ಸೆಲ್ ಸಿಗುತ್ತದೆ, ಅದರಲ್ಲಿ ಮುಖದ ಪಾಲು ಸುಮಾರು 150. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋವಾಗಿ ಕಳುಹಿಸಿದಾಗ ಅಗಲ 1600ಕ್ಕೆ ಇಳಿದರೆ ಮುಖಕ್ಕೆ ಉಳಿಯುವುದು 60 ಮಾತ್ರ. ಆದ್ದರಿಂದ ಏನನ್ನೇ ಕಳುಹಿಸುವುದಾದರೂ ಡಾಕ್ಯುಮೆಂಟ್ ಆಗಿ ಅಥವಾ ಇಮೇಲ್‌ನಲ್ಲಿ ಮೂಲ ಕಡತವನ್ನೇ ಕಳುಹಿಸಿ. ಗುಂಪು ಫೋಟೋದಿಂದ ನಾನು ನೋಡುವುದು ಅವರು ಕೂರುವ ರೀತಿ, ಭುಜದ ಇಳಿಜಾರು, ಉಡುಪು ಇಷ್ಟನ್ನೇ.

ಮೊಬೈಲ್ ಚಿತ್ರಗಳು ಯಾವುವೂ ಸರಿಯಿಲ್ಲದಿದ್ದರೆ ಪಾಸ್‌ಪೋರ್ಟ್ ಫೋಟೋವನ್ನೇ ಮುಖ್ಯವಾಗಿಟ್ಟುಕೊಳ್ಳೋಣ. ಮುದ್ರಿತ ಪ್ರತಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದರೆ, 35 ಮಿಲಿಮೀಟರ್ ಅಗಲದ ಫೋಟೋದಿಂದ ಸುಮಾರು 830 ಪಿಕ್ಸೆಲ್ ಅಗಲದ ಚಿತ್ರ ದೊರೆಯುತ್ತದೆ. ಕಣ್ಣು, ಮೂಗು, ತುಟಿಗಳ ಅಳತೆಗೆ ಅಷ್ಟು ಸಾಕು. ಆದರೆ ಮಸುಕಾದ ಮುದ್ರಣವನ್ನು ಸ್ಕ್ಯಾನರ್ ಸ್ಪಷ್ಟಗೊಳಿಸಲಾರದು. ಸ್ಟುಡಿಯೋದವರು ಆಗಲೇ ಸುಕ್ಕು, ಮಚ್ಚೆಗಳನ್ನು ತಿದ್ದಿರುವುದೂ ಉಂಟು, ಹಾಗಾಗಿ ಅದೇ ವಯಸ್ಸಿನ ಒಂದು ಬಣ್ಣದ ಚಿತ್ರ ಜೊತೆಗಿರಲಿ. ಮೈಬಣ್ಣವನ್ನು ಹಗಲು ಬೆಳಕಿನ ಚಿತ್ರದಿಂದಲೇ ತೆಗೆದುಕೊಳ್ಳುತ್ತೇನೆ.

ಕೆಲವು ಸೆಲ್ಫಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ಉಳಿದಿರುತ್ತವೆ. ಬೈತಲೆ ಯಾವ ಕಡೆಗಿತ್ತು, ಮಚ್ಚೆ ಅವರ ಬಲಗೆನ್ನೆಯ ಮೇಲೋ ಎಡಗೆನ್ನೆಯ ಮೇಲೋ ಎಂಬುದನ್ನು ಫೋಟೋದೊಂದಿಗೆ ದಯವಿಟ್ಟು ಬರೆದು ಕಳುಹಿಸಿ.