ಕಾಗೆ ಹಾರಿಸಲು ಹೋಗಿ ದೊಡ್ಡಮ್ಮನನ್ನು ನೋಯಿಸಿದೆ

*ದೊಡ್ಡಪ್ಪನ ಕಾರ್ಯದ ಹಿಂದಿನ ರಾತ್ರಿ ಮನೆಯ ವಾಟ್ಸಾಪ್ ಗ್ರೂಪಲ್ಲಿ ದೊಡ್ಡಮ್ಮ “ನಾಳೆ ಎಲ್ಲರೂ ಬೇಗ ಬನ್ನಿ” ಅಂತ ಹಾಕಿದರು. ಚಿಕ್ಕಪ್ಪನ ಮಗ “ಐದಕ್ಕೇ ಎದ್ದು ಬರ್ತೀನಿ” ಅಂದ. ಎಂಟಕ್ಕೆ ಮೊದಲು ಎದ್ದ ಆಸಾಮಿಯಲ್ಲ ಅವನು. ಕಾಗೆ ಹಾರಿಸ್ತಿದ್ದಾನೆ ಅನ್ನೋ ಅರ್ಥದಲ್ಲಿ 🐦‍⬛ ಹಾಕಿಬಿಟ್ಟೆ. ಮರುದಿನ ಕಾಗೆ ತುಂಬ ಹೊತ್ತು ಪಿಂಡ ಮುಟ್ಟಲಿಲ್ಲವಂತೆ. ನಾಲ್ಕು ದಿನದಿಂದ ದೊಡ್ಡಮ್ಮ ನನ್ನ ಹತ್ತಿರ ಮಾತಾಡ್ತಿಲ್ಲ. ಡಿಲೀಟ್ ಮಾಡಲಾ? ಈಗ ಹಾವು, ಹಸು ಹಾಕೋಕೂ ಕೈ ನಡುಗುತ್ತೆ.*

ಡಿಲೀಟ್ ಮಾಡುವ ಹೊತ್ತು ಮೀರಿದೆ. ಎಲ್ಲರ ಫೋನಿನಿಂದ ಅಳಿಸಲು ವಾಟ್ಸಾಪ್ ಕೊಡುವ ಗಡುವು ಸುಮಾರು ಎರಡೂವರೆ ದಿನ. ಗಡುವಿನೊಳಗೆ ಅಳಿಸಿದ್ದರೂ, ಸಂದೇಶ ಅಳಿಸಲಾಗಿದೆ ಎಂಬ ಸಾಲು ದೊಡ್ಡಮ್ಮನ ಕರೆಯ ಕೆಳಗೇ ಕೂತಿರುತ್ತಿತ್ತು. ನೋಡದವರೂ ಏನಿತ್ತು ಎಂದು ಕೇಳುತ್ತಿದ್ದರು.

ಮೊದಲು ದೊಡ್ಡಮ್ಮನ ಮಗನಿಗೆ ಫೋನ್ ಮಾಡಿ, ದೊಡ್ಡಮ್ಮನ ಪರದೆಯಲ್ಲಿ ಏನು ಕಾಣುತ್ತಿದೆ ಎಂದು ಕೇಳಿ. ಈ ಕಾಗೆ ಬಂದದ್ದು 2022ರ ಇಮೋಜಿ ಪಟ್ಟಿಯಲ್ಲಿ. ಅದರ ಅಧಿಕೃತ ಹೆಸರೂ ‘ಕಪ್ಪು ಹಕ್ಕಿ’, ಕಾಗೆಯಲ್ಲ. ಅದು ಒಂದೇ ಚಿತ್ರವೂ ಅಲ್ಲ: 🐦 ಮತ್ತು ⬛ ಎರಡನ್ನು ಕಾಣದ ಅಂಟಿನಿಂದ ಜೋಡಿಸಿದ್ದು. ಅಪ್ಡೇಟ್ ಆಗದ ಹಳೆ ಫೋನಿನಲ್ಲಿ ಆ ಅಂಟು ಕೆಲಸ ಮಾಡುವುದಿಲ್ಲ. ಒಂದು ಹಕ್ಕಿ, ಪಕ್ಕದಲ್ಲಿ ಒಂದು ಕಪ್ಪು ಚೌಕ ಬಿಡಿಬಿಡಿಯಾಗಿ ಕಾಣುತ್ತವೆ. ಸಾವಿನ ಮನೆಯವರು ಆ ಕಪ್ಪು ಚೌಕವನ್ನು ಏನೆಂದು ಓದಿಕೊಂಡಿರಬಹುದು, ಯೋಚಿಸಿ. ಜೊತೆಗೆ ಒಂಟಿ ಇಮೋಜಿಯನ್ನು ವಾಟ್ಸಾಪ್ ದೊಡ್ಡದು ಮಾಡಿ ತೋರಿಸುತ್ತದೆ. ತಮ್ಮನ ಮಾತನ್ನು ಎಳೆದು ಅದಕ್ಕೇ ಉತ್ತರವಾಗಿ ಹಾಕದಿದ್ದರೆ, ಅದು ಯಾರಿಗೆ ಹೇಳಿದ್ದು ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಕಾಗೆ ಸರಿಯಾಗಿಯೇ ಕಂಡಿದ್ದರೆ ನೋವು ಇನ್ನೂ ಆಳದ್ದು. ಪಿಂಡವನ್ನು ಕಾಗೆ ಮುಟ್ಟದಿದ್ದರೆ ಹೋದವರ ಆಸೆ ಏನೋ ಉಳಿದಿದೆ ಎನ್ನುತ್ತಾರೆ. ಎಲ್ಲರೂ ದೂರ ಸರಿದು ಕಾಯುತ್ತಾರೆ. ಆಮೇಲೆ ಮನೆಯವರು ಒಬ್ಬೊಬ್ಬರಾಗಿ “ಮಗಳ ಮದುವೆ ನಾವು ಮಾಡ್ತೀವಿ”, “ಅಮ್ಮನ್ನ ನೋಡ್ಕೋತೀವಿ” ಎಂದು ಗಟ್ಟಿಯಾಗಿ ಮಾತು ಕೊಡುತ್ತಾರೆ. ಅದಕ್ಕೂ ಬರದಿದ್ದರೆ ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸುವ ರೂಢಿ ಹಲವು ಕಡೆ ಇದೆ. ಅಷ್ಟು ಹೊತ್ತು ಆಕಾಶ ನೋಡುತ್ತ ನಿಂತಿದ್ದವರು ನಿಮ್ಮ ದೊಡ್ಡಮ್ಮ. ಹಿಂದಿನ ರಾತ್ರಿಯ ಆ ಚಿತ್ರ ಅವರಿಗೆ ಅಪಶಕುನವಾಗಿಯೋ ಅಣಕವಾಗಿಯೋ ನೆನಪಾಗಿರುತ್ತದೆ. ಜನ ಹತ್ತಿರ ನಿಂತರೆ ಕಾಗೆ ಇಳಿಯುವುದಿಲ್ಲ ಎಂಬ ವಾದವನ್ನು ದಯವಿಟ್ಟು ಅವರ ಮುಂದೆ ತೆಗೆಯಬೇಡಿ.

ಗ್ರೂಪಿನಲ್ಲಿ ವಿವರಣೆ ಬೇಡ. ಮಾಸಿಕದ ತನಕ ಕಾಯದೆ ಈ ವಾರವೇ ಮನೆಗೆ ಹೋಗಿ, ಅಡುಗೆಮನೆಯಲ್ಲೋ ಹಿತ್ತಿಲಲ್ಲೋ ಅವರೊಬ್ಬರೇ ಇದ್ದಾಗ ಹೇಳಿ: “ದೊಡ್ಡಮ್ಮ, ಅವತ್ತು ಆ ಕಾಗೆ ಹಾಕಿದ್ದು ನನ್ನ ತಪ್ಪು. ಕಾರ್ಯದ ಮನೆ ಅನ್ನೋದು ತಲೇಲಿ ಇರಲಿಲ್ಲ.” ಅಲ್ಲಿಗೆ ನಿಲ್ಲಿಸಿ. ‘ತಮಾಷೆಗೆ ಹಾಕಿದ್ದು’ ಎಂದು ಶುರು ಮಾಡಿದರೆ ಕಾರ್ಯದ ಹಿಂದಿನ ರಾತ್ರಿ ತಮಾಷೆಯೇ ಎಂಬ ಪ್ರಶ್ನೆ ಬರುತ್ತದೆ. ಅವರಾಗಿ ಕೇಳಿದರೆ ಮಾತ್ರ, ಅದು ತಮ್ಮನಿಗೆ ಹೇಳಿದ್ದು, ಸುಳ್ಳು ಬಿಡ್ತಿದ್ದಾನೆ ಅಂತ, ಎಂದು ಒಂದೇ ಮಾತಲ್ಲಿ ಬಿಡಿಸಿ ಹೇಳಿ. ‘ಕಾಗೆ ಹಾರಿಸೋದು’ ಹುಡುಗರ ಬಾಯಲ್ಲಿ ಓಡಾಡುವ ಮಾತು, ಅವರಿಗೆ ಗೊತ್ತಿಲ್ಲದಿರಬಹುದು. ಅವರ ಜೊತೆ ಮಾತಾಡಿದ ಮೇಲೆ ಗ್ರೂಪಿನಲ್ಲಿ “ಅವತ್ತು ನಾನು ಹಾಕಿದ ಚಿತ್ರ ತಪ್ಪು, ಕ್ಷಮಿಸಿ” ಎಂಬ ಒಂದು ಸಾಲು ಸಾಕು. ಕೈ ಮುಗಿಯುವ 🙏 ಒಂದರಿಂದಲೇ ಕೆಲಸ ಮುಗಿಸಬೇಡಿ.

ಹಾವಿನ ವಿಷಯಕ್ಕೆ ಭಯ ಸ್ವಲ್ಪ ಇದ್ದರೆ ಒಳ್ಳೆಯದೇ. 🐍ಗೆ ಹೆಡೆ ಇಲ್ಲ, ಅದು ನಾಗರವಲ್ಲ, ಸುರುಳಿ ಸುತ್ತಿದ ಹಸಿರು ಹಾವು ಅಷ್ಟೆ. ನಾಗರಪಂಚಮಿಯ ಶುಭಾಶಯಕ್ಕೆ ಅದನ್ನು ಹಾಕಿದರೆ ಹೆಚ್ಚಿನವರು ಸುಮ್ಮನಿರುತ್ತಾರೆ. ಕೆಡುವುದು ಬೆನ್ನಿಗೆ ಚೂರಿ ಹಾಕಿದವರಿಗೆ ಅದನ್ನು ಬಳಸಿದಾಗ. ಅದರಲ್ಲೂ ಮಕ್ಕಳಾಗಲಿಲ್ಲವೆಂದು ಆಶ್ಲೇಷಾ ಬಲಿ, ನಾಗಪ್ರತಿಷ್ಠೆ ಎಂದು ಅಲೆದವರಿಗೆ ಹಾಕಿದರೆ ಅದು ನಾಗದೋಷದ ಚುಚ್ಚುಮಾತೇ ಆಗುತ್ತದೆ. ಹಾವೆಂದು ಬಾಯಿಬಿಟ್ಟು ಹೇಳದೆ ‘ಹುಳ ಮುಟ್ಟಿತು’ ಎನ್ನುವ ಮನೆಗಳಿವೆ. ಅಂಥವರಿಗೆ ಚಿತ್ರವೂ ಬೇಡ.

ಹಸುವಿನದು ಬೇರೆ ತಾಪತ್ರಯ. 🐄 ಹಸು, 🐃 ಎಮ್ಮೆ, 🐂 ಎತ್ತು. ಚಿಕ್ಕ ಪರದೆಯಲ್ಲಿ ಮೂರೂ ಒಂದೇ ಥರ. ಗೃಹಪ್ರವೇಶದ ಕರೆಯೋಲೆಗೆ ಎಮ್ಮೆ ಹೋಗಿಬಿಟ್ಟರೆ ನಗುತ್ತಾರೆ, ಮುನಿಯುವುದಿಲ್ಲ. ಅದೇ 🐄 ಪಕ್ಕಕ್ಕೆ 🥩 ಹಾಕಿದರೆ ಯಾರ ಕಡೆಯಿಂದ ಯಾರಿಗೆ ಹೋದರೂ ಜಗಳವೇ. ಗೋಪೂಜೆ ಮಾಡುವವರನ್ನು ಕೆಣಕುವುದಕ್ಕೂ, ಸಹೋದ್ಯೋಗಿಯ ಬುತ್ತಿಯನ್ನು ಹೀಯಾಳಿಸುವುದಕ್ಕೂ ಅದೇ ಜೋಡಿ ಬಳಕೆಯಾಗುತ್ತದೆ.

ಭಾದ್ರಪದದ ಪಿತೃಪಕ್ಷ ಬಂದಾಗ, ಆ ಹದಿನೈದು ದಿನ ಮನೆಯ ಗ್ರೂಪಿನಲ್ಲಿ ತಮ್ಮ ಎಷ್ಟೇ ಬುರುಡೆ ಬಿಡಲಿ, “ಬಿಡೋ ಸಾಕು” ಎಂದು ಅಕ್ಷರದಲ್ಲೇ ಬರೆಯಿರಿ.