‘ವೇಂಡ’ ಎಂದವರು ‘ವೇಣಂ’ ಎಂದದ್ದು ಏನನ್ನು?

“ನಾಗರ ಪಂಚಮಿಗೆ ಮಗ ಎರ್ನಾಕುಳಂನಿಂದ ಬಂದಿದ್ದ. ಎಳನೀರ ಗೊನೆಯನ್ನು ಬನದವರೆಗೆ ಅವನೇ ಹೊತ್ತು ತಂದ. ತಂಬಿಲದ ಹೊತ್ತಿಗೆ ಮಾತ್ರ ಹೊರಗೆ ನಿಂತ. ಅರಸಿನ ಪ್ರಸಾದ ಕೊಡಲು ಹೋದರೆ, ‘ನನಗೆ ನಂಬಿಕೆ ಇಲ್ಲಮ್ಮ, ಸುಮ್ನೆ ತಗೊಳ್ಳೋದು ಸರಿಯಲ್ಲ’ ಅಂದ. ಇವನು ನಾಸ್ತಿಕನಾ? ದೇವರ ಹೆದರಿಕೆ ಇಲ್ಲದವನು ನೆಟ್ಟಗೆ ಬಾಳುತ್ತಾನಾ? ಇಂಥವರನ್ನು ಹಿಂದಿನವರು ಏನು ಮಾಡುತ್ತಿದ್ದರು?”
– ಓದುಗರೊಬ್ಬರು, ಬದಿಯಡ್ಕ

ಅಕ್ಕಾ, ನಾನೂ ದೇವರಿಗೆ ಕೈಮುಗಿಯುವವನು. ನಿಮ್ಮ ಕಾಗದ ಓದಿ ಎರಡು ದಿನ ಅದೇ ಯೋಚನೆಯಲ್ಲಿದ್ದೆ.

ಮೊದಲು ‘ನಾಸ್ತಿಕ’ ಎನ್ನುವ ಪದ ನೋಡೋಣ. ನಾವೀಗ ದೇವರಿಲ್ಲ ಎನ್ನುವವನಿಗೆ ಈ ಹೆಸರು ಇಡುತ್ತೇವೆ. ಹಳಬರ ಲೆಕ್ಕ ಬೇರೆ ಇತ್ತು. ಮನುಸ್ಮೃತಿಯ ಎರಡನೇ ಅಧ್ಯಾಯ ವೇದವನ್ನು ನಿಂದಿಸುವವನನ್ನು ನಾಸ್ತಿಕ ಎನ್ನುತ್ತದೆ, ಅವನನ್ನು ಸಜ್ಜನರು ಹೊರಗಿಡಬೇಕು ಎಂದೂ ಹೇಳುತ್ತದೆ. ಈ ಲೆಕ್ಕದಲ್ಲಿ ಬೌದ್ಧರೂ ಜೈನರೂ ನಾಸ್ತಿಕರು. ನಮ್ಮ ಬಂಗ್ರಮಂಜೇಶ್ವರದ ಬಸದಿಯಲ್ಲಿ ತಲೆಬಾಗಿ ನಿಲ್ಲುವವರೂ ಆ ಪಟ್ಟಿಗೆ ಸೇರಿಬಿಡುತ್ತಾರೆ! ಇನ್ನೊಂದು ಕಡೆ, ಲೋಕವನ್ನು ಸೃಷ್ಟಿ ಮಾಡಿದ ದೇವರೊಬ್ಬ ಇದ್ದಾನೆ ಎನ್ನುವುದನ್ನು ಒಪ್ಪದೆ ವಾದ ಮಾಡಿದ ಮೀಮಾಂಸಕ ಕುಮಾರಿಲ ಭಟ್ಟರು ಆಸ್ತಿಕರೇ. ಯಾಕೆಂದರೆ ಅವರು ವೇದವನ್ನು ಒಪ್ಪಿದ್ದರು. ಹಾಗಾಗಿ ಆ ಪದ ಕೇಳಿದ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಅದು ತುಂಬಾ ಜನರ ಮೇಲೆ ಬಿದ್ದ ಪದ.

ಮಗ ನಿಜಕ್ಕೂ ಎಲ್ಲಿ ನಿಂತಿದ್ದಾನೆ ಅಂತ ತಿಳಿಯಲು ಮೂರು ಪ್ರಶ್ನೆಗಳನ್ನು ಬಿಡಿಸಿ ಇಟ್ಟುಕೊಳ್ಳಬೇಕು. ದೇವರಿದ್ದಾನೆ ಎಂದು ನಂಬುತ್ತೀಯಾ? ಇದು ಮೊದಲನೆಯದು. ಇಲ್ಲ ಎಂದರೆ ಅವನು ನಿರೀಶ್ವರವಾದಿ. ಆದರೆ ಅದರಲ್ಲೂ ಎರಡು ಬಗೆ. “ದೇವರಿಲ್ಲ, ಇದು ಖಂಡಿತ” ಎನ್ನುವವರು ಕೆಲವರು. “ನಂಬಲು ನನಗೆ ಕಾರಣ ಸಿಕ್ಕಿಲ್ಲ” ಎನ್ನುವವರು ಇನ್ನು ಕೆಲವರು. ನಿಮ್ಮ ಮಗ ಹೇಳಿದ್ದು ‘ನಂಬಿಕೆ ಇಲ್ಲ’ ಅಂತ, ‘ದೇವರಿಲ್ಲ’ ಅಂತ ಅಲ್ಲ. ಈ ವ್ಯತ್ಯಾಸ ಚಿಕ್ಕದಲ್ಲ.

ಎರಡನೆಯದು, ಅದನ್ನು ತಿಳಿಯಲು ಮನುಷ್ಯನಿಂದ ಆಗುತ್ತದಾ ಎಂಬ ಪ್ರಶ್ನೆ. ಆಗದು, ಅಥವಾ ಈವರೆಗೆ ಆಗಿಲ್ಲ ಎನ್ನುವವನು ಅಜ್ಞೇಯವಾದಿ. ಇದರ ಇಂಗ್ಲಿಷ್ ಪದವನ್ನು 1869ರಲ್ಲಿ ಕಟ್ಟಿದವರು ಹಕ್ಸ್ಲಿ ಎಂಬ ಜೀವವಿಜ್ಞಾನಿ. ಆದರೆ ಈ ಅನುಮಾನ ನಮ್ಮಲ್ಲಿ ಬಹಳ ಹಳೆಯದು. ಋಗ್ವೇದದ ಹತ್ತನೇ ಮಂಡಲದ ನಾಸದೀಯ ಸೂಕ್ತ ಈ ಸೃಷ್ಟಿ ಎಲ್ಲಿಂದ ಬಂತು ಎಂದು ಕೇಳುತ್ತಾ ಹೋಗುತ್ತದೆ. ಮೇಲೆ ಕೂತು ಇದನ್ನು ನೋಡಿಕೊಳ್ಳುವವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲವೋ ಏನೋ ಎಂದು ಮುಗಿಯುತ್ತದೆ. ವೇದವೇ ಉತ್ತರ ಕೊಡದೆ ನಿಲ್ಲಿಸಿದ ಜಾಗ ಅದು. ಅಂದಹಾಗೆ, ಗೊತ್ತಿಲ್ಲ ಎನ್ನುತ್ತಲೇ ನಂಬುವವರೂ ಇದ್ದಾರೆ. ನನ್ನನ್ನು ಕೇಳಿದರೆ ನಾನೂ ಅವರಲ್ಲೊಬ್ಬ.

ಮೂರನೆಯದೇ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು, ಅಲ್ವಾ? ದೇವರನ್ನು ಬಿಟ್ಟ ಮೇಲೆ ಬದುಕಿಗೆ ಅಳತೆಗೋಲು ಯಾವುದು? ಮನುಷ್ಯನ ನೋವು-ನಲಿವೇ ಅಳತೆ, ಅದನ್ನು ನೋಡಿಕೊಳ್ಳುವ ಹೊಣೆ ಮನುಷ್ಯನದ್ದೇ ಎನ್ನುವುದು ಮಾನವತಾವಾದ. ದೇವರನ್ನು ನಂಬದವರೆಲ್ಲ ಮಾನವತಾವಾದಿಗಳು ಅಂತ ನಾನು ಹೇಳಲಾರೆ. ನಂಬಿಕೆ ಬಿಟ್ಟು ಬೇರೇನನ್ನೂ ಹಿಡಿಯದವರೂ ಇದ್ದಾರೆ. ನಂಬಿಕೆ ಹೋದದ್ದರಿಂದಲೇ ಒಳ್ಳೆಯತನ ಬರುವುದಿಲ್ಲ, ಅದರಿಂದಲೇ ಕೆಡುಕೂ ಬರುವುದಿಲ್ಲ.

ಇದನ್ನು ಬದುಕಿ ತೋರಿಸಿದ ಒಬ್ಬರು ನಿಮ್ಮ ಮಗ ಈಗಿರುವ ಊರಿನ ಹತ್ತಿರದವರೇ. ಕೊಚ್ಚಿಯ ಪಕ್ಕ ವೈಪಿನ್ ದ್ವೀಪದಲ್ಲಿ ಚೆರಾಯಿ ಎಂಬ ಊರಿದೆ. ಅಲ್ಲಿ 1917ರ ಮೇ 29ರಂದು ಅಯ್ಯಪ್ಪನ್ ಎಂಬ ಯುವಕ ಒಂದು ಸಹಭೋಜನ ಏರ್ಪಡಿಸಿದರು. ಅವರು ನಾರಾಯಣ ಗುರುಗಳ ಶಿಷ್ಯ, ಈಳವ ಸಮುದಾಯದವರು. ಆ ದಿನ ಈಳವರು, ತಮಗಿಂತ ಕೀಳೆಂದು ದೂರವಿಟ್ಟಿದ್ದ ಪುಲಯರ ಜೊತೆ ಒಂದೇ ಪಂಕ್ತಿಯಲ್ಲಿ ಕೂತರು. ಊಟ ಅಂದರೆ ಅನ್ನ, ಹಲಸಿನ ಬೀಜ ಮತ್ತು ಕಡಲೆಯ ಪಲ್ಯ. ನಮ್ಮ ಮನೆಗಳಲ್ಲೂ ಮಳೆಗಾಲಕ್ಕೆ ಮಾಡುವಂಥದ್ದೇ. ಅಷ್ಟಕ್ಕೇ ಊರು ಹೊತ್ತಿ ಉರಿಯಿತು. ಉಂಡವರ ಮನೆಗಳಿಗೆ ಬಹಿಷ್ಕಾರ ಬಿತ್ತು. ಅಯ್ಯಪ್ಪನ್ ಅವರನ್ನು ‘ಪುಲಯನ್ ಅಯ್ಯಪ್ಪನ್’ ಎಂದು ಹೀಯಾಳಿಸಿದರು. ಅವರು ಅದನ್ನೇ ಬಿರುದಿನಂತೆ ಇಟ್ಟುಕೊಂಡರು. ಮುಂದೆ ಸಹೋದರನ್ ಅಯ್ಯಪ್ಪನ್ ಎಂದು ಹೆಸರಾದವರು ಇವರೇ.

ಮನುಷ್ಯನಿಗೆ ಒಂದೇ ಜಾತಿ, ಒಂದೇ ಮತ, ಒಂದೇ ದೈವ ಎಂದು ಗುರುಗಳು ಹೇಳಿದ್ದರು. ಶಿಷ್ಯ ಅದನ್ನೇ ತಿರುಗಿಸಿದರು: “ಜಾತಿ ವೇಂಡ, ಮತಂ ವೇಂಡ, ದೈವಂ ವೇಂಡ ಮನುಷ್ಯನ್ನು.” ನಿಮಗೆ ಮಲಯಾಳಂ ಬಿಡಿಸಿ ಹೇಳಬೇಕಿಲ್ಲ. ಈ ಸಾಲು ಎಲ್ಲರಿಗೂ ಗೊತ್ತು. ಅದರ ಮುಂದಿನ ಸಾಲನ್ನು ಮಾತ್ರ ಜಾಸ್ತಿ ಜನ ಬಿಟ್ಟುಬಿಡುತ್ತಾರೆ: “ವೇಣಂ ಧರ್ಮಂ, ವೇಣಂ ಧರ್ಮಂ, ವೇಣಂ ಧರ್ಮಂ ಯಥೋಚಿತಂ.” ಮೂರು ಸಲ ಬೇಡ ಎಂದವರು ಮೂರು ಸಲ ಬೇಕು ಎಂದರು. ಬೇಕಾದದ್ದು ಧರ್ಮ. ಕನ್ನಡದಲ್ಲಿ ನಾವು ಮತಕ್ಕೂ ಧರ್ಮ ಎನ್ನುತ್ತೇವೆ, ನೆಟ್ಟಗಿನ ನಡತೆಗೂ ಧರ್ಮ ಎನ್ನುತ್ತೇವೆ. ಅದಕ್ಕೇ ಮತ ಬಿಟ್ಟವನು ನಡತೆಯನ್ನೂ ಬಿಟ್ಟ ಎಂದು ನಮಗೆ ಅನಿಸಿಬಿಡುತ್ತದೆ. ಅಯ್ಯಪ್ಪನ್ ಎರಡನ್ನೂ ಬಿಡಿಸಿ ಇಟ್ಟರು.

ಇನ್ನು ಗುರುಗಳು ಏನು ಮಾಡಿದರು? ಅವರು ಸಂನ್ಯಾಸಿ. 1888ರಲ್ಲಿ ಅರುವಿಪ್ಪುರದಲ್ಲಿ ಶಿವನನ್ನು, 1912ರಲ್ಲಿ ನಮ್ಮ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದವರು. ‘ದೈವ ಬೇಡ’ ಎಂದ ಶಿಷ್ಯನನ್ನು ಅವರು ದೂರ ಮಾಡಲಿಲ್ಲ. ಸಹಭೋಜನಕ್ಕೆ ಗುರುಗಳ ಒಪ್ಪಿಗೆ ಇಲ್ಲ ಎಂದು ವಿರೋಧಿಗಳು ಸುದ್ದಿ ಹಬ್ಬಿಸಿದ್ದರು. 1921ರಲ್ಲಿ ಗುರುಗಳು ಒಂದು ಸಂದೇಶ ಬರೆದುಕೊಟ್ಟರು. ಮನುಷ್ಯರ ಮತ, ವೇಷ, ಭಾಷೆ ಹೇಗೇ ಇರಲಿ, ಅವರ ಜಾತಿ ಒಂದೇ, ಆದ್ದರಿಂದ ಪರಸ್ಪರ ಮದುವೆಯಾಗುವುದರಲ್ಲೂ ಒಂದೇ ಪಂಕ್ತಿಯಲ್ಲಿ ಉಣ್ಣುವುದರಲ್ಲೂ ಯಾವ ದೋಷವೂ ಇಲ್ಲ ಎಂಬುದು ಅದರ ಸಾರ. ದೇವರ ವಿಷಯದಲ್ಲಿ ಇಬ್ಬರೂ ಒಂದಾಗಲಿಲ್ಲ. ಆದರೆ ಆ ಪಂಕ್ತಿಯ ವಿಷಯದಲ್ಲಿ ಒಂದಾದರು.

ಎಲ್ಲ ಕಡೆ ಹೀಗೆ ಆಗಲಿಲ್ಲ. ಹೊರಗಿಟ್ಟದ್ದು, ಶಿಕ್ಷೆ ಕೊಟ್ಟದ್ದು, ಪುಸ್ತಕ ಸುಟ್ಟದ್ದು ಹಲವು ಮತಗಳ ಚರಿತ್ರೆಯಲ್ಲಿದೆ. ಉದಯನಾಚಾರ್ಯರಂಥವರು ವಾದಕ್ಕೆ ವಾದ ಕೊಟ್ಟರು. ಅವರ ನ್ಯಾಯಕುಸುಮಾಂಜಲಿ ಇಡೀ ಪುಸ್ತಕವೇ ದೇವರಿದ್ದಾನೆ ಎಂದು ತರ್ಕದಿಂದ ಸಾಧಿಸಲು ಹೊರಟದ್ದು. ನನಗೆ ಬಹಳ ಹಿಡಿಸಿದ ಉತ್ತರ ಕ್ಯಾಥೊಲಿಕ್ ಚರ್ಚಿನದು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ನಾಸ್ತಿಕತೆ ಹುಟ್ಟುವುದರಲ್ಲಿ ನಂಬುವವರ ಪಾಲೂ ಸಣ್ಣದಲ್ಲ ಎಂದು ಬರೆಯಿತು. ನಾವು ತಪ್ಪಾಗಿ ಕಲಿಸಿದ್ದು, ತಪ್ಪಾಗಿ ಬದುಕಿದ್ದು ದೇವರ ಮುಖವನ್ನೇ ಮರೆಮಾಡಬಹುದು ಎಂದಿತು. ನಾಸ್ತಿಕತೆಯನ್ನು ಅವರು ಒಪ್ಪಲಿಲ್ಲ. ಆದರೆ ತಮ್ಮ ಕಡೆ ತಿರುಗಿ ನೋಡಿಕೊಂಡರು.

ನಾವೂ ಹಾಗೆ ಒಮ್ಮೆ ನೋಡಿಕೊಳ್ಳಬೇಕು. ಮಗನಿಗೆ ನಂಬಿಕೆ ಹೋದದ್ದು ಓದಿ, ಯೋಚಿಸಿಯಾ? ಅಥವಾ ಯಾವುದೋ ಅನ್ಯಾಯ ಕಂಡಾ? ಕೇಳಿದರೆ ಗೊತ್ತಾಗುತ್ತದೆ. ಮಾತು ತಿರುಗಿ ತಿರುಗಿ ಒಬ್ಬ ಜ್ಯೋತಿಷಿಯ ಮೇಲೆ, ಒಂದು ಪಂಕ್ತಿಭೇದದ ಮೇಲೆ ಬಂದು ನಿಂತರೆ ಅದು ಸಿಟ್ಟು. ಆ ಸಿಟ್ಟಿನಲ್ಲಿ ನ್ಯಾಯ ಇದ್ದರೆ ನೀವು ದೇವರ ಪರವಾಗಿಯೇ ಅದನ್ನು ಒಪ್ಪಬಹುದು. “ಪುರಾವೆ ಕಾಣಲಿಲ್ಲಮ್ಮ” ಅಂತ ತಣ್ಣಗೆ ಹೇಳಿದರೆ ಅದು ಯೋಚನೆ. ಅದನ್ನು ಅಳುವಿನಿಂದಲೋ ಆಣೆಯಿಂದಲೋ ತಿರುಗಿಸಲು ಹೋಗಬೇಡಿ.

ನಿಮ್ಮ ಕಾಗದದಲ್ಲಿ ನನ್ನ ಕಣ್ಣು ನಿಂತದ್ದು ಆ ಎಳನೀರ ಗೊನೆಯ ಮೇಲೆ. ನಂಬದವನು ಅಷ್ಟು ಭಾರ ಬನದವರೆಗೆ ಹೊತ್ತದ್ದು ನಿಮಗೋಸ್ಕರ. ಅರಸಿನ ಹುಡಿಯನ್ನು ನಂಬಿದವನಂತೆ ನಟಿಸಿ ತೆಗೆದುಕೊಂಡಿದ್ದರೆ ಆ ಹೊತ್ತು ಸುಲಭವಾಗಿ ಕಳೆಯುತ್ತಿತ್ತು. ನಿಮ್ಮೆದುರು ಸುಳ್ಳಾಡುವುದು ಅವನಿಗೆ ಬೇಡವಾಯಿತು. ಮುಂದಿನ ಸಲ ಬಂದಾಗ ಪ್ರಸಾದ ಬಾಳೆಲೆಯಲ್ಲಿ ಪಕ್ಕಕ್ಕಿರಲಿ. ಊಟಕ್ಕೆ ಕೂತಾಗ ಕೇಳಿ: “ನಿನಗೆ ಬೇಡವಾದದ್ದು ಗೊತ್ತಾಯಿತು ಮಗ, ಬೇಕಾದದ್ದು ಏನು?”