ಪಾಲುದಾರನಿಗೇ ಷೇರು ಮಾರಿದರೆ ತೆರಿಗೆ ಎಷ್ಟು?

ಪ್ರಶ್ನೆ: ಕಾಸರಗೋಡಿನಲ್ಲಿ ಐದು ವರ್ಷಗಳ ಹಿಂದೆ ಗೆಳೆಯನೊಂದಿಗೆ ಹಾಳೆತಟ್ಟೆ ತಯಾರಿಸುವ ಪ್ರೈವೇಟ್ ಲಿಮಿಟೆಡ್ ಕಂಪನಿ ಆರಂಭಿಸಿದೆ. ತಲಾ 10 ರೂಪಾಯಿಗೆ ಪಡೆದ 10,000 ಷೇರುಗಳನ್ನು ಈಗ ಅವನಿಗೇ 150ರಂತೆ ಕೊಡುತ್ತಿದ್ದೇನೆ. ತೆರಿಗೆ ಎಷ್ಟು?

ಉತ್ತರ: ಷೇರುಪೇಟೆಯಲ್ಲಿಲ್ಲದ ಕಂಪನಿಯ ಷೇರನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ಲಾಭದ ಮೇಲೆ 12.5% ತೆರಿಗೆ, ಅದರ ಮೇಲೆ 4% ಸೆಸ್. ನಿಮ್ಮ 14 ಲಕ್ಷದ ಲಾಭಕ್ಕೆ 1.82 ಲಕ್ಷ ರೂಪಾಯಿ. ಪೇಟೆಯ ಷೇರುಗಳಿಗಿರುವ 1.25 ಲಕ್ಷದ ವಿನಾಯಿತಿ ಇಲ್ಲಿಲ್ಲ.

ಆದರೆ 150 ರೂಪಾಯಿ ನೀವಿಬ್ಬರೇ ಒಪ್ಪಿಕೊಂಡ ಬೆಲೆ. ನಿಯಮದ ಪ್ರಕಾರ ಲೆಕ್ಕ ಹಾಕಿದ ಮೌಲ್ಯ ಅದಕ್ಕಿಂತ ಹೆಚ್ಚಿದ್ದರೆ, ಆ ಮೌಲ್ಯಕ್ಕೇ ಮಾರಿದಿರಿ ಎಂದು ಇಲಾಖೆ ಭಾವಿಸುತ್ತದೆ. ಎಡವುವುದು ಹೆಚ್ಚಾಗಿ ಜಾಗದ ವಿಚಾರದಲ್ಲಿ: ಕಂಪನಿಯ ಹೆಸರಿನಲ್ಲಿ ಭೂಮಿಯಿದ್ದರೆ ಪುಸ್ತಕದಲ್ಲಿ ಬರೆದ ಹಳೆಯ ಕ್ರಯವಲ್ಲ, ನೋಂದಣಿಗೆ ಸರ್ಕಾರ ಪರಿಗಣಿಸುವ ಬೆಲೆ ಲೆಕ್ಕಕ್ಕೆ ಬರುತ್ತದೆ.

ಹಾಗೆ ಷೇರಿನ ಮೌಲ್ಯ 400 ಬಂತೆನ್ನಿ. ಕೈಗೆ ಬಂದದ್ದು 15 ಲಕ್ಷವಾದರೂ ಲಾಭ 39 ಲಕ್ಷ, ತೆರಿಗೆ 5.07 ಲಕ್ಷ. ಉಳಿದ 25 ಲಕ್ಷದ ವ್ಯತ್ಯಾಸ ಗೆಳೆಯನ ಆದಾಯಕ್ಕೂ ಸೇರುತ್ತದೆ. ಒಂದೇ ಹಣಕ್ಕೆ ಎರಡು ಕಡೆ ಕತ್ತರಿ!

ಕೊಳ್ಳುವವನು ಸ್ವಂತ ತಮ್ಮನಾಗಿದ್ದರೆ ಅವನಿಗೆ ತೆರಿಗೆಯಿಲ್ಲ, ಆದರೆ ಮಾರುವ ನಿಮಗೆ ಬಿಡುಗಡೆಯಿಲ್ಲ. ತಮ್ಮನಿಗೆ ನಿಜವಾಗಿಯೂ ದಾನವಾಗಿ ಕೊಟ್ಟರೆ ಮಾತ್ರ ನಿಮಗೆ ಲಾಭವೆಂಬುದೇ ಹುಟ್ಟುವುದಿಲ್ಲ. ಕರಾರಿಗೆ ಸಹಿ ಹಾಕುವ ಮೊದಲೇ ಲೆಕ್ಕಪರಿಶೋಧಕರಿಂದ ಮೌಲ್ಯದ ಲೆಕ್ಕ ಮಾಡಿಸಿಕೊಳ್ಳಿ.